ನಿನ್ನೆಯ ಬಿಸಿಯೂಟ ಹೇಗಿತ್ತು? 3ರಿಂದ 7ನೇ ತರಗತಿ ಮಕ್ಕಳ ಚಿತ್ರ ಪ್ರಶ್ನೆ ಹಾಳೆ

ಓದಿ ಹೇಳುವವರಿಗೆ (ಇದನ್ನು ಮಕ್ಕಳಿಗೆ ಕೊಡಬೇಡಿ)

ಈ ಹಾಳೆ 8ರಿಂದ 12 ವರ್ಷದ ಮಕ್ಕಳಿಗೆ. ಇದು ಪರೀಕ್ಷೆಯಲ್ಲ, ಅಡುಗೆಯವರ ಮೇಲೆ ದೂರು ಬರೆಸುವ ಹಾಳೆಯೂ ಅಲ್ಲ. ಎಸ್‌ಡಿಎಂಸಿ ಸಭೆಯಲ್ಲಿ ಊಟದ ಮಾತು ಬಂದಾಗಲೆಲ್ಲ ದೊಡ್ಡವರೇ ಮಾತಾಡುತ್ತೇವೆ. ಈ ಸಲ ತಟ್ಟೆ ಹಿಡಿದವರನ್ನೇ ಕೇಳೋಣ.

ಬುಧವಾರ ಬೆಳಿಗ್ಗೆ ಮೊದಲನೇ ಪಿರಿಯಡ್‌ನಲ್ಲಿ ಮಾಡಿ. 1ರಿಂದ 7ರವರೆಗಿನ ಪ್ರಶ್ನೆಗಳೆಲ್ಲ ‘ನಿನ್ನೆ’ಯ ಮೇಲಿವೆ, ಹಾಗಾಗಿ ಸೋಮವಾರ ಕೊಟ್ಟರೆ ಮಕ್ಕಳು ಮನೆಯ ಭಾನುವಾರದ ಊಟವನ್ನೇ ಬರೆಯುತ್ತಾರೆ. ‘ಸಾಮಾನ್ಯವಾಗಿ ಊಟ ಹೇಗಿರುತ್ತದೆ’ ಎಂದು ಕೇಳಿಲ್ಲ. ಮೂರನೇ ಕ್ಲಾಸಿನ ಮಗುವಿಗೆ ನಿನ್ನೆಯ ಸಾಂಬಾರು ನೆನಪಿರುತ್ತದೆ, ಇಡೀ ತಿಂಗಳ ಲೆಕ್ಕ ಇರುವುದಿಲ್ಲ.

ಅಡುಗೆ ಅಮ್ಮಂದಿರು ಕೋಣೆಯಲ್ಲಿ ಇರಬಾರದು. ಕ್ಲಾಸ್ ಟೀಚರ್ ಓದುವುದಕ್ಕಿಂತ ಬೇರೆ ತರಗತಿಯ ಟೀಚರ್ ಓದಿದರೆ ಮೇಲು. ಬೆಂಚುಗಳ ನಡುವೆ ಓಡಾಡಬೇಡಿ. ಪಕ್ಕದಲ್ಲಿ ಮೇಷ್ಟ್ರು ನಿಂತರೆ ಮಕ್ಕಳ ಪೆನ್ಸಿಲ್ ತಾನಾಗಿಯೇ ನಗುವ ಮುಖದ ಕಡೆ ಹೋಗುತ್ತದೆ.

3, 4 ಮತ್ತು 5ನೇ ತರಗತಿಗೆ ಒಂದೊಂದೇ ಪ್ರಶ್ನೆಯನ್ನು ಎರಡು ಸಲ ಗಟ್ಟಿಯಾಗಿ ಓದಿ. ಚಿತ್ರಗಳನ್ನು ಎಡಗಡೆಯಿಂದ ಬೆರಳಿಟ್ಟು ತೋರಿಸಿ. ಎಲ್ಲ ಮುಖಗಳನ್ನೂ ಒಂದೇ ದನಿಯಲ್ಲಿ ಹೇಳಿ. ನಗುವ ಮುಖಕ್ಕೆ ಮಾತ್ರ ದನಿ ಏರಿಸಿದರೆ ಅದೇ ‘ಸರಿಯುತ್ತರ’ ಅಂತ ಮಕ್ಕಳು ತಿಳಿಯುತ್ತಾರೆ. 6 ಮತ್ತು 7ನೇ ತರಗತಿಯವರು ತಾವೇ ಓದಿಕೊಳ್ಳಲಿ.

ಶುರುವಾಗುವ ಮುಂಚೆ ಮಕ್ಕಳಿಗೆ ಹೀಗೆ ಹೇಳಿ:

“ಮಕ್ಕಳೇ, ಇದಕ್ಕೆ ಮಾರ್ಕ್ಸ್ ಇಲ್ಲ. ಸರಿ, ತಪ್ಪು ಇಲ್ಲ. ಹೆಸರು ಬರೆಯಬೇಡಿ. ಪಕ್ಕದವರ ಹಾಳೆ ನೋಡಬೇಡಿ, ಅವರ ಬಾಯಿರುಚಿ ಬೇರೆ, ನಿಮ್ಮದು ಬೇರೆ. ಯಾವ ಪ್ರಶ್ನೆ ಬೇಡವೋ ಅದನ್ನು ಬಿಡಬಹುದು. ಹಾಳೆಯೇ ಬೇಡ ಅಂದರೂ ಯಾರೂ ಬೈಯುವುದಿಲ್ಲ.”

---

ಮಕ್ಕಳ ಹಾಳೆ

ನಿನ್ನ ತರಗತಿಗೆ ಸುತ್ತು ಹಾಕು:  3  4  5  6  7

ಮೊದಲು ಅಭ್ಯಾಸ

ಈ ಐದು ಮುಖ ನೋಡು.

😣 ತುಂಬ ಕೆಟ್ಟದು
🙁 ಚೆನ್ನಾಗಿಲ್ಲ
😐 ಪರವಾಗಿಲ್ಲ
🙂 ಚೆನ್ನಾಗಿದೆ
😀 ತುಂಬ ಚೆನ್ನಾಗಿದೆ

ನಿನಗೆ ಅನಿಸಿದ ಮುಖಕ್ಕೆ ಸುತ್ತು ಹಾಕು. ಒಂದಕ್ಕೆ ಮಾತ್ರ.

ಹಾಗಲಕಾಯಿ ಪಲ್ಯ: 😣 🙁 😐 🙂 😀
ಜಾಮೂನು: 😣 🙁 😐 🙂 😀

*(ಓದುವವರು ಇಲ್ಲಿ ನಿಲ್ಲಿಸಿ. ಹಾಗಲಕಾಯಿಗೂ ಇಡೀ ಕ್ಲಾಸು 😀 ಹಾಕಿದ್ದರೆ ಮಕ್ಕಳು ನಿಮ್ಮನ್ನು ಮೆಚ್ಚಿಸಲು ನೋಡುತ್ತಿದ್ದಾರೆ ಎಂದೇ ಅರ್ಥ. “ನನಗೆ ಹಾಗಲಕಾಯಿ ಕಂಡರೆ ಆಗಲ್ಲಪ್ಪ, ನಿಮಗೆ?” ಅಂತ ಕೇಳಿ, ನಗಿಸಿ, ಮತ್ತೆ ಹಾಕಿಸಿ.)*

1. ನಿನ್ನೆ ಶಾಲೆಯಲ್ಲಿ ಊಟ ಮಾಡಿದೆಯಾ?

👍 ಹೌದು    👎 ಇಲ್ಲ

‘ಇಲ್ಲ’ ಅಂದರೆ 8ನೇ ಪ್ರಶ್ನೆಗೆ ಹೋಗು.

2. ನಿನ್ನೆಯ ಊಟದ ರುಚಿ ಹೇಗಿತ್ತು?

😣 🙁 😐 🙂 😀

3. ಊಟ ಬಿಸಿಯಾಗಿತ್ತಾ?

🧊 ಆರಿಹೋಗಿತ್ತು
👌 ತಿನ್ನುವಷ್ಟು ಬಿಸಿ ಇತ್ತು
🔥 ಬಾಯಿ ಸುಟ್ಟಿತು

4. ಏಳುವಾಗ ನಿನ್ನ ತಟ್ಟೆಯಲ್ಲಿ ಎಷ್ಟು ಊಟ ಉಳಿದಿತ್ತು?

ಈ ಗುಂಡು ನಿನ್ನ ತಟ್ಟೆ. ಕಪ್ಪು ಬಣ್ಣ ಅಂದರೆ ಉಳಿದ ಊಟ.

○ ಏನೂ ಉಳಿದಿರಲಿಲ್ಲ
◔ ಸ್ವಲ್ಪ
◑ ಅರ್ಧ
◕ ತುಂಬ
● ತಿನ್ನಲೇ ಇಲ್ಲ

ಊಟ ಉಳಿದಿದ್ದರೆ, ಯಾಕೆ? ಎಷ್ಟು ಬೇಕಾದರೂ ಸುತ್ತು ಹಾಕು.

🌶️ ಖಾರ ಜಾಸ್ತಿ
🧂 ಉಪ್ಪು ಜಾಸ್ತಿ, ಇಲ್ಲವೇ ಕಡಿಮೆ
🥕 ಆ ತರಕಾರಿ ಇಷ್ಟ ಇಲ್ಲ
🍚 ಅನ್ನ ಗಟ್ಟಿ, ಇಲ್ಲವೇ ಮುದ್ದೆಯಾಗಿತ್ತು
🪨 ಕಲ್ಲು ಸಿಕ್ಕಿತು
🤒 ಹುಷಾರಿರಲಿಲ್ಲ
⚽ ಆಟಕ್ಕೆ ಹೋಗಬೇಕಿತ್ತು
😌 ಹೊಟ್ಟೆ ತುಂಬಿತ್ತು

5. ಇನ್ನೂ ಸ್ವಲ್ಪ ಊಟ ಬೇಕು ಅನಿಸಿತಾ?

✋ ಬೇಕು ಅನಿಸಲಿಲ್ಲ
🙂 ಬೇಕಿತ್ತು. ಕೇಳಿದೆ, ಹಾಕಿದರು
🙁 ಬೇಕಿತ್ತು. ಕೇಳಿದೆ, ಖಾಲಿಯಾಗಿತ್ತು
🤐 ಬೇಕಿತ್ತು. ಆದರೆ ಕೇಳಲಿಲ್ಲ

6. ಸಂಜೆ ಶಾಲೆ ಬಿಡುವಾಗ ನಿನಗೆ ಹಸಿವು ಎಷ್ಟಿತ್ತು?

ಈ ಗುಂಡು ನಿನ್ನ ಹೊಟ್ಟೆ. ಇಲ್ಲಿ ಕಪ್ಪು ಬಣ್ಣ ಅಂದರೆ ಹೊಟ್ಟೆ ತುಂಬಿದೆ.

○ ತುಂಬ ಹಸಿವು
◑ ಸ್ವಲ್ಪ ಹಸಿವು
● ಹಸಿವು ಇರಲಿಲ್ಲ

7. ಊಟಕ್ಕೆ ಮುಂಚೆ ಕೈ ತೊಳೆದೆಯಾ?

🧼 ಸೋಪು ಹಾಕಿ ತೊಳೆದೆ
💧 ಬರೀ ನೀರಲ್ಲಿ ತೊಳೆದೆ
🚱 ನಲ್ಲಿಯಲ್ಲಿ ನೀರು ಬರಲಿಲ್ಲ
🚶 ಸಾಲು ಉದ್ದ ಇತ್ತು, ಹಾಗೇ ಹೋದೆ
🤷 ಮರೆತೆ

8. ಹೋದ ಸಲ ಶಾಲೆಯಲ್ಲಿ ಹಾಲು ಕೊಟ್ಟಾಗ ಎಷ್ಟು ಕುಡಿದೆ?

○ ಕುಡಿಯಲಿಲ್ಲ
◑ ಅರ್ಧ ಲೋಟ
● ಪೂರ್ತಿ ಲೋಟ

ಹಾಲು ಬಿಟ್ಟಿದ್ದರೆ, ಯಾಕೆ?

👃 ವಾಸನೆ    🥛 ಕೆನೆ    🍬 ಸಕ್ಕರೆ ಸಾಲದು    🤢 ಹಾಲು ಕುಡಿದರೆ ಹೊಟ್ಟೆ ನೋವು

9. ಹೋದ ಸಲ ಶಾಲೆಯಲ್ಲಿ ಮೊಟ್ಟೆ, ಬಾಳೆಹಣ್ಣು ಕೊಟ್ಟಾಗ ಏನು ತೆಗೆದುಕೊಂಡೆ?

🥚 ಮೊಟ್ಟೆ    🍌 ಬಾಳೆಹಣ್ಣು    ✋ ಏನೂ ಇಲ್ಲ

ಅದನ್ನು ಏನು ಮಾಡಿದೆ?

😋 ನಾನೇ ತಿಂದೆ
🏠 ಮನೆಗೆ ತೆಗೆದುಕೊಂಡು ಹೋದೆ
🤝 ಬೇರೆಯವರಿಗೆ ಕೊಟ್ಟೆ

10. ಎಲ್ಲರ ಜೊತೆ ಊಟಕ್ಕೆ ಕೂತಾಗ ನಿನಗೆ ಹೇಗನಿಸುತ್ತದೆ?

😣 ತುಂಬ ಬೇಜಾರು
🙁 ಬೇಜಾರು
😐 ಹೇಗೂ ಅನಿಸಲ್ಲ
🙂 ಖುಷಿ
😀 ತುಂಬ ಖುಷಿ

11. ನೀನೇ ಒಂದು ದಿನ ಅಡುಗೆ ಹೇಳಬಹುದು ಅಂದುಕೋ. ಏನು ಮಾಡಿಸುತ್ತೀಯ?

ಹಾಳೆ ತಿರುಗಿಸು. ತಟ್ಟೆಯ ಚಿತ್ರ ಬರೆದು, ಅದರಲ್ಲಿ ಊಟ ತುಂಬಿಸು. ಹೆಸರು ಗೊತ್ತಿದ್ದರೆ ಪಕ್ಕದಲ್ಲಿ ಬರೆ. ಕಾಗುಣಿತ ತಪ್ಪಾದರೂ ಪರವಾಗಿಲ್ಲ.

ಮುಗೀತು! ಹಾಳೆಯನ್ನು ಎರಡು ಸಲ ಮಡಿಸಿ, ಬಾಗಿಲ ಹತ್ತಿರದ ಡಬ್ಬದಲ್ಲಿ ನೀನೇ ಹಾಕು.

---

ಎಣಿಸುವವರಿಗೆ

ಮುಖಗಳಿಗೆ 1ರಿಂದ 5 ಅಂಕ ಕೊಟ್ಟು ಸರಾಸರಿ ತೆಗೆಯಬೇಡಿ. ಅರ್ಧ ಕ್ಲಾಸು 😣, ಇನ್ನರ್ಧ 😀 ಹಾಕಿದರೂ ಸರಾಸರಿ ‘ಪರವಾಗಿಲ್ಲ’ ಅಂತಲೇ ಬರುತ್ತದೆ, ಹಾಗೆ ಹೇಳಿದ ಮಗು ಒಂದೂ ಇರುವುದಿಲ್ಲ. ಯಾವ ಮುಖಕ್ಕೆ ಎಷ್ಟು ಸುತ್ತು ಎಂದು ತರಗತಿವಾರು ಬರೆದರೆ ಸಾಕು.

2ನೇ ಪ್ರಶ್ನೆಗೂ 4ಕ್ಕೂ ತಾಳೆ ಆಗದಿದ್ದರೆ 4ನ್ನೇ ಹೆಚ್ಚು ನಂಬಿ. ರುಚಿಗೆ 😀 ಹಾಕಿ ಅರ್ಧ ತಟ್ಟೆ ಉಳಿಸಿದ ಮಕ್ಕಳು ಇದ್ದೇ ಇರುತ್ತಾರೆ. ಬಡಿಸುವ ಅಮ್ಮನ ಮೇಲಿನ ಪ್ರೀತಿ ಮುಖದಲ್ಲಿ ಬಂದಿರುತ್ತದೆ, ಸಾಂಬಾರಿನ ವಿಷಯ ತಟ್ಟೆಯಲ್ಲಿ. ಆದರೆ ⚽ಗೆ ಮಾತ್ರ ಸುತ್ತು ಹಾಕಿ ಊಟ ಬಿಟ್ಟವರನ್ನು ಅಡುಗೆಯ ಲೆಕ್ಕಕ್ಕೆ ಸೇರಿಸಬೇಡಿ.

5ನೇ ಪ್ರಶ್ನೆಯಲ್ಲಿ 🤐 ಎಷ್ಟು ಬಂದಿವೆ ಎಂದು ಬೇರೆಯಾಗಿ ನೋಡಿ. ನನ್ನ ಮಟ್ಟಿಗೆ ಇಡೀ ಹಾಳೆಯಲ್ಲಿ ಮುಖ್ಯ ಉತ್ತರ ಇದೇ. ಅನ್ನ ಕಡಿಮೆ ಬಿದ್ದರೆ ಅಕ್ಕಿಯ ಲೆಕ್ಕ ನೋಡಬಹುದು. ಕೇಳಲು ಅಂಜುವ ಮಕ್ಕಳಿಗೆ ಬಡಿಸುವವರೇ ಸಾಲಿನಲ್ಲಿ ಎರಡನೇ ಸುತ್ತು ಬರಬೇಕು.

9ರಲ್ಲಿ ‘ಮನೆಗೆ’ ಅಂದವರನ್ನು ತಪ್ಪುಗಾರರಂತೆ ಕಾಣಬೇಡಿ. ಮನೆಯಲ್ಲಿ ಪುಟ್ಟ ತಮ್ಮನೋ ತಂಗಿಯೋ ಇರಬಹುದು. 10ಕ್ಕೆ 😣 ಹೆಚ್ಚು ಬಂದ ತರಗತಿಯಲ್ಲಿ ಯಾರು ಯಾರ ಪಕ್ಕ ಕೂರುತ್ತಾರೆ, ಯಾರು ಒಬ್ಬರೇ ಕೂರುತ್ತಾರೆ ಎಂದು ಒಂದು ವಾರ ಸುಮ್ಮನೆ ಗಮನಿಸಿ. ಬರಹ ಗುರುತಿಸಿ ಮಗುವನ್ನು ಕರೆದು ವಿಚಾರಿಸುವುದು ಬೇಡವೇ ಬೇಡ.

ಫಲಿತಾಂಶವನ್ನು ಸಭೆಗಿಂತ ಮೊದಲು ಅಡುಗೆ ಅಮ್ಮಂದಿರಿಗೆ ತೋರಿಸಿ, ತಟ್ಟೆಯ ಚಿತ್ರಗಳ ಸಮೇತ. ಬೆಳಗಿನ ಪ್ರಾರ್ಥನೆಯ ಹೊತ್ತಿಗೆ ಮಕ್ಕಳಿಗೂ ಹೇಳಿ: ನೀವು ಹೀಗೆ ಹೇಳಿದಿರಿ, ಇದನ್ನು ಬದಲಿಸುತ್ತೇವೆ, ಇದು ನಮ್ಮ ಕೈಯಲ್ಲಿಲ್ಲ.