ಊರಾಚೆ ಹೊರಟಿದ್ದೀರಾ? ಬಾಡಿಗೆ ಎಷ್ಟಾಗುತ್ತೆ ಅಂತ ಮೊದಲೇ ನೋಡಿ

ಎಲ್ಲಿಂದ: ಬೆಂಗಳೂರು, ಜಯನಗರ 4ನೇ ಬ್ಲಾಕ್
ಎಲ್ಲಿಗೆ: ಚಿಕ್ಕಮಗಳೂರು (ದಾರಿಯಲ್ಲಿ ಬೇಲೂರು, ಹಳೇಬೀಡು)
ಹೊರಡುವುದು: ಫೆಬ್ರವರಿ 21, ಶನಿವಾರ, ಬೆಳಿಗ್ಗೆ 5:00
ವಾಪಸ್: ಫೆಬ್ರವರಿ 22, ಭಾನುವಾರ, ರಾತ್ರಿ 9:30ರ ಸುಮಾರಿಗೆ
ಗಾಡಿ: ಸೆಡಾನ್, ಎಸಿ, 4 ಜನ

ನಿಮ್ಮ ಅಂದಾಜು ಬಾಡಿಗೆ

ನೆಲಮಂಗಲ, ಹಾಸನದ ಮೇಲೆ ಹೋಗಿ, ಬೇಲೂರಿನಿಂದ ಹಳೇಬೀಡು ನೋಡಿಕೊಂಡು, ಚಿಕ್ಕಮಗಳೂರಿನಲ್ಲಿ ಒಂದು ರಾತ್ರಿ ಉಳಿದು, ಮುಳ್ಳಯ್ಯನಗಿರಿ ಹತ್ತಿಳಿದು ವಾಪಸ್ ಬರುವುದಕ್ಕೆ ಸುಮಾರು 575 ಕಿ.ಮೀ.

ಬಿಲ್ ಆಗುವುದು ಮಾತ್ರ 600 ಕಿ.ಮೀ.ಗೆ. ಯಾಕೆ ಅಂದರೆ ಔಟ್‌ಸ್ಟೇಷನ್ ಬಾಡಿಗೆಗೆ ದಿನಕ್ಕೆ ಕನಿಷ್ಠ 300 ಕಿ.ಮೀ. ಲೆಕ್ಕ. ಎರಡು ದಿನಕ್ಕೆ 600. ಗಾಡಿ ಅಷ್ಟು ಓಡದಿದ್ದರೂ ಅಷ್ಟಕ್ಕೆ ದುಡ್ಡು. ಇದನ್ನು ಕೊನೆಗೆ ಹೇಳಿದರೆ ಜಗಳ, ಅದಕ್ಕೇ ಮೊದಲೇ ಹೇಳುತ್ತಿದ್ದೇವೆ. ನಿಮ್ಮ ಹತ್ತಿರ ಇನ್ನೂ 25 ಕಿ.ಮೀ. ಉಳಿದಿದೆ, ಸುಮ್ನೆ ಬಿಡಬೇಡಿ. ದಾರಿ ಬಿಟ್ಟು ಒಂದು ಒಳ್ಳೆ ಹೋಟೆಲಿಗೆ ಹೋಗಿ ಬರಬಹುದು.

600 ಕಿ.ಮೀ. × ₹13 = ₹7,800
ಡ್ರೈವರ್ ಬಾಟಾ, 2 ದಿನ × ₹400 = ₹800
ರಾತ್ರಿ ಚಾರ್ಜ್, 1 ಸಲ = ₹300
ಜಿಎಸ್‌ಟಿ 5% = ₹445
ಒಟ್ಟು ₹9,345

ಟೋಲ್ ಮತ್ತು ಪಾರ್ಕಿಂಗ್ ಇದರಲ್ಲಿ ಸೇರಿಲ್ಲ. ಟೋಲ್ ಡ್ರೈವರ್‌ನ ಫಾಸ್ಟ್ಯಾಗ್‌ನಿಂದ ಕಟ್ ಆಗುತ್ತದೆ. ಆ ಮೆಸೇಜ್ ನೋಡಿಕೊಂಡು ಅಷ್ಟನ್ನೇ ಕೊಡಿ. ಕರ್ನಾಟಕ ದಾಟುತ್ತಿಲ್ಲ, ಹಾಗಾಗಿ ಬೇರೆ ರಾಜ್ಯದ ಪರ್ಮಿಟ್ ಖರ್ಚು ಇಲ್ಲ.

600 ದಾಟಿದರೆ ಪ್ರತಿ ಕಿ.ಮೀ.ಗೆ ಅದೇ ₹13. ಕಿ.ಮೀ. ಎಣಿಕೆ ನಿಮ್ಮ ಮನೆ ಬಾಗಿಲಿನಿಂದ ಶುರು, ಮನೆ ಬಾಗಿಲಿಗೇ ಮುಗಿಯುತ್ತದೆ. ಶೆಡ್ಡಿನಿಂದ ನಿಮ್ಮ ಮನೆಗೆ ಬರುವ ದೂರ ನಮ್ಮದು.

ರಾತ್ರಿ ಚಾರ್ಜ್ ಯಾಕೆ ಬಂತು?

ರಾತ್ರಿ 10ರಿಂದ ಬೆಳಿಗ್ಗೆ 6ರೊಳಗೆ ಗಾಡಿ ಓಡಿದರೆ ಒಂದು ರಾತ್ರಿಗೆ ₹300. ನೀವು 5 ಗಂಟೆಗೆ ಹೊರಡುತ್ತಿದ್ದೀರಿ, ಅದಕ್ಕೆ ಬಂತು. 6ಕ್ಕೆ ಹೊರಟರೆ ಒಟ್ಟು ₹9,030 ಆಗುತ್ತದೆ. ಆದರೆ ನಮ್ಮನ್ನು ಕೇಳಿದರೆ 5ಕ್ಕೇ ಹೊರಡಿ. ಶನಿವಾರ ಹೊತ್ತು ಏರಿದ ಮೇಲೆ ನೆಲಮಂಗಲ ದಾಟುವಷ್ಟರಲ್ಲಿ ಸಾಕಾಗಿ ಹೋಗುತ್ತದೆ.

ಶನಿವಾರ ರಾತ್ರಿ ಗಾಡಿ ಲಾಡ್ಜ್ ಮುಂದೆ ನಿಂತಿದ್ದರೆ ಚಾರ್ಜ್ ಇಲ್ಲ. ಓಡಿದರೆ ಮಾತ್ರ.

ಭಾನುವಾರ ಮನೆ ಸೇರುವುದು 10 ಗಂಟೆ ದಾಟಿದರೆ ಇನ್ನೊಂದು ₹300 ಸೇರುತ್ತದೆ. ಅದಕ್ಕಿಂತ ಜಾಸ್ತಿ ಗಮನ ಕೊಡಬೇಕಾದ್ದು ಮಧ್ಯರಾತ್ರಿಗೆ. ನಮ್ಮ ಲೆಕ್ಕದಲ್ಲಿ ಒಂದು ದಿನ ಅಂದರೆ ರಾತ್ರಿ 12ರಿಂದ ರಾತ್ರಿ 12ರವರೆಗೆ, ಹೊರಟ ಹೊತ್ತಿನಿಂದ 24 ಗಂಟೆ ಅಲ್ಲ. 12 ದಾಟಿದ ಮೇಲೆ ಒಂದು ಗಂಟೆ ಬಿಡುತ್ತೇವೆ. 1 ಗಂಟೆಯೂ ದಾಟಿದರೆ ಮೂರನೇ ದಿನ ಶುರು: ಇನ್ನೊಂದು 300 ಕಿ.ಮೀ. ಮತ್ತು ಇನ್ನೊಂದು ಬಾಟಾ, ಅಂದರೆ ₹4,300, ಮೇಲೆ ಜಿಎಸ್‌ಟಿ. ಚಿಕ್ಕಮಗಳೂರಿನಿಂದ ಮಧ್ಯಾಹ್ನ 3ಕ್ಕೆ ಹೊರಟುಬಿಟ್ಟರೆ ಈ ತಲೆನೋವೇ ಇಲ್ಲ.

ಅಡ್ವಾನ್ಸ್ ₹2,000 ಕಟ್ಟಿ ಬುಕ್ ಮಾಡಿ. ಶುಕ್ರವಾರ ಬೆಳಿಗ್ಗೆ 5ರೊಳಗೆ ಕ್ಯಾನ್ಸಲ್ ಮಾಡಿದರೆ ಪೂರ್ತಿ ವಾಪಸ್. ಆಮೇಲೆ ಮಾಡಿದರೆ ₹1,000 ಹಿಡಿದುಕೊಳ್ಳುತ್ತೇವೆ.

ಬುಕಿಂಗ್ ಖಚಿತವಾಗಿದೆ

ನಮಸ್ಕಾರ. ನಿಮ್ಮ ₹2,000 ಬಂದಿದೆ. ಬುಕಿಂಗ್ ನಂಬರ್ 20417.

ಫೆಬ್ರವರಿ 21, ಶನಿವಾರ, ಬೆಳಿಗ್ಗೆ 5ಕ್ಕೆ ಜಯನಗರ 4ನೇ ಬ್ಲಾಕಿನ ನಿಮ್ಮ ಮನೆ ಮುಂದೆ ಹಳದಿ ಬೋರ್ಡಿನ ಬಿಳಿ ಸೆಡಾನ್ ಇರುತ್ತದೆ. ಡ್ರೈವರ್ ಹೆಸರು, ಫೋನ್ ಮತ್ತು ಗಾಡಿ ನಂಬರ್ ಶುಕ್ರವಾರ ರಾತ್ರಿ 8ರೊಳಗೆ ಎಸ್ಎಂಎಸ್‌ನಲ್ಲಿ ಬರುತ್ತದೆ. ಬರದಿದ್ದರೆ ಕಾಯುತ್ತಾ ಕೂರಬೇಡಿ, ಈ ಬುಕಿಂಗ್ ಮೆಸೇಜಿಗೆ ಉತ್ತರ ಕಳಿಸಿ, ನಾವೇ ಫೋನ್ ಮಾಡುತ್ತೇವೆ.

ಹತ್ತುವ ಮುಂಚೆ ಮೀಟರ್ ರೀಡಿಂಗ್ ಫೋಟೋ ತೆಗೆದುಕೊಳ್ಳಿ. ಇಳಿಯುವಾಗ ಇನ್ನೊಂದು. ಡ್ರೈವರ್ ಬೇಜಾರು ಮಾಡಿಕೊಳ್ಳುವುದಿಲ್ಲ, ಅವರೂ ತೆಗೆದುಕೊಳ್ಳುತ್ತಾರೆ. ಒಟಿಪಿ ಹೇಳಿದ ಮೇಲೆಯೇ ಟ್ರಿಪ್ ಶುರು.

ಸಾಮಾನಿಗೆ ಡಿಕ್ಕಿಯಲ್ಲಿ ಎರಡು ದೊಡ್ಡ ಬ್ಯಾಗ್, ಎರಡು ಸಣ್ಣ ಬ್ಯಾಗ್ ಹಿಡಿಯುತ್ತದೆ. ಬೆಟ್ಟ ಹತ್ತುವಾಗ ಸ್ವಲ್ಪ ಹೊತ್ತು ಎಸಿ ಆಫ್ ಮಾಡಬಹುದು. ಡ್ರೈವರ್ ಊಟ, ಮಲಗುವ ಜಾಗ ಬಾಟಾದಲ್ಲೇ ಸೇರಿದೆ, ನೀವು ಪ್ರತ್ಯೇಕ ಕೊಡಬೇಕಾಗಿಲ್ಲ.

ಬಾಕಿ ₹7,345 ಮತ್ತು ಟೋಲ್, ಪಾರ್ಕಿಂಗ್ ಹಣವನ್ನು ಭಾನುವಾರ ಮನೆ ಮುಂದೆ ಇಳಿದ ಮೇಲೆ ಡ್ರೈವರ್‌ಗೆ ಕೊಡಿ, ಯುಪಿಐ ಆದರೂ ಸರಿ, ನಗದು ಆದರೂ ಸರಿ. ಬಿಲ್ ಅರ್ಧ ಗಂಟೆಯಲ್ಲಿ ನಿಮ್ಮ ಫೋನಿಗೆ ಬರುತ್ತದೆ.