ಮಹಾಪ್ರಬಂಧ ಸಲ್ಲಿಸಿದ ಬಳಿಕ ಮಾರ್ಗದರ್ಶಕರಿಗೆ ಬರೆದ ಪತ್ರ

ಗೌರವಾನ್ವಿತ ಮೇಡಂ ಅವರಿಗೆ,

ಶ್ರುತಿಯ ನಮಸ್ಕಾರಗಳು.

ಮಹಾಪ್ರಬಂಧದ ಪ್ರತಿಗಳನ್ನು ನಿನ್ನೆ ಮಧ್ಯಾಹ್ನ ಪರೀಕ್ಷಾ ವಿಭಾಗಕ್ಕೆ ಸಲ್ಲಿಸಿದೆ. ಸ್ವೀಕೃತಿ ಪತ್ರದ ನಕಲನ್ನು ನಮ್ಮ ವಿಭಾಗದ ಕಚೇರಿಗೂ ಕೊಟ್ಟಿದ್ದೇನೆ. ಕಾಗದಪತ್ರದ ಕೆಲಸ ಅಲ್ಲಿಗೆ ಮುಗಿಯಿತು. ಆದರೆ ಪ್ರಬಂಧದ ಕೃತಜ್ಞತಾ ಪುಟದ ಕರಡಿನಲ್ಲಿ ನಿಮ್ಮ ಬಗ್ಗೆ ಬರೆದಿದ್ದ ವಿಶೇಷಣಗಳನ್ನೆಲ್ಲ ನೀವೇ ಪೆನ್ಸಿಲ್‌ನಿಂದ ಹೊಡೆದುಹಾಕಿ, "ಇಷ್ಟು ಸಾಕು" ಎಂದು ಅಂಚಿನಲ್ಲಿ ಬರೆದು ಒಂದೇ ವಾಕ್ಯ ಉಳಿಸಿದ್ದಿರಿ. ಆ ಪುಟ ನಿಮ್ಮ ಇಚ್ಛೆಯಂತೆಯೇ ಅಚ್ಚಾಗಿದೆ. ಈ ಪತ್ರ ಪ್ರಬಂಧದ ಭಾಗವಲ್ಲವಾದ್ದರಿಂದ ಇಲ್ಲಿ ಸ್ವಲ್ಪ ಸ್ವಾತಂತ್ರ್ಯ ತೆಗೆದುಕೊಳ್ಳುತ್ತಿದ್ದೇನೆ. ವಿಶೇಷಣಗಳನ್ನು ಮಾತ್ರ ಇಲ್ಲಿಯೂ ಬಿಟ್ಟಿದ್ದೇನೆ.

ನಾನು ಮೊದಲು ನೆನೆಯಬೇಕಾದದ್ದು ಐದನೆಯ ಅಧ್ಯಾಯವನ್ನು. ಕೊಳವೆಬಾವಿಗಳ ನೀರನ್ನು ಮಳೆಗಾಲಕ್ಕೆ ಮುಂಚೆ ಒಮ್ಮೆ, ಮಳೆಗಾಲದ ನಂತರ ಇನ್ನೊಮ್ಮೆ ಪರೀಕ್ಷಿಸಿದಾಗ ಹೆಚ್ಚಿನ ಕಡೆ ಫ್ಲೋರೈಡ್ ಪ್ರಮಾಣ ಇಳಿದಿತ್ತು. ಹೊಸ ನೀರು ಸೇರಿ ಸಾಂದ್ರತೆ ತಗ್ಗುವುದು ಎಲ್ಲರೂ ನಿರೀಕ್ಷಿಸುವ ಫಲಿತಾಂಶವೇ. ಕೆಲವೇ ಬಾವಿಗಳಲ್ಲಿ ಮಾತ್ರ ಮಳೆಯ ನಂತರ ಪ್ರಮಾಣ ಏರಿತ್ತು. ಅವನ್ನು ಅನುಬಂಧದ ಕೋಷ್ಟಕವೊಂದರಲ್ಲಿ ಸೇರಿಸಿ ಮುಂದೆ ಸಾಗುವುದು ಸುಲಭವಿತ್ತು, ಹಾಗೆ ಮಾಡಿದ್ದರೆ ಯಾವ ಪರೀಕ್ಷಕರೂ ಆಕ್ಷೇಪಿಸುತ್ತಿರಲಿಲ್ಲವೇನೋ. ನೀವು ಆ ಕೋಷ್ಟಕವನ್ನು ಮೇಜಿನ ಮೇಲೆ ಹರಡಿಕೊಂಡು, ನನ್ನ ಸರಾಸರಿಗಳ ಕಡೆ ನೋಡದೆ, "ಹೊಂದದ ಬಾವಿಗಳು ಯಾವುವು? ಅವುಗಳ ಸುತ್ತ ಮಣ್ಣು ಹೇಗಿದೆ?" ಎಂದು ಕೇಳಿದಿರಿ. ಆ ಪ್ರಶ್ನೆಯ ಬೆನ್ನು ಹತ್ತಿ ಹೋದಾಗಲೇ, ಬೇಸಗೆಯಲ್ಲಿ ನೀರು ಆವಿಯಾಗಿ ಮೇಲ್ಪದರದ ಮಣ್ಣಿನಲ್ಲಿ ಉಳಿದ ಲವಣಗಳನ್ನು ಮೊದಲ ಮಳೆಗಳು ತೊಳೆದು ಕೆಳಗಿಳಿಸುತ್ತವೆ ಎಂಬ ವಿವರಣೆ ಅಲ್ಲಿನ ಮಣ್ಣಿನ ಮಾದರಿಗಳಿಗೂ ನೀರಿನ ಕ್ಲೋರೈಡ್ ಅಂಕಿಗಳಿಗೂ ಒಟ್ಟಿಗೆ ಸರಿಹೊಂದುವುದು ಕಂಡದ್ದು. ಇಡೀ ಪ್ರಬಂಧದಲ್ಲಿ ನನ್ನದೇ ಎಂದು ಹೇಳಿಕೊಳ್ಳಬಹುದಾದ ಮಾತು ಇದ್ದರೆ ಅದು ಆ ಅಧ್ಯಾಯದಲ್ಲಿದೆ. ಅದು ಅನುಬಂಧದಲ್ಲಿ ಹೂತುಹೋಗದಂತೆ ತಡೆದವರು ನೀವು.

ಪ್ರಯೋಗಾಲಯದಲ್ಲಿ ನಿಮ್ಮಿಂದ ಕಲಿತದ್ದನ್ನು ಬರೆಯಹೊರಟರೆ ಪಟ್ಟಿಯಾಗುತ್ತದೆ, ಆದ್ದರಿಂದ ಎರಡನ್ನು ಮಾತ್ರ ಹೇಳುತ್ತೇನೆ. ಫ್ಲೋರೈಡ್ ಎಲೆಕ್ಟ್ರೋಡ್ ಮುಂದೆ ಕುಳಿತು ನಾನು ಮಾದರಿಗಳ ಅಂಕಿ ಓದಿ ಹೇಳಲು ಹೊರಟರೆ, ನೀವು ಮೊದಲು "ಇವತ್ತಿನ ಸ್ಲೋಪ್ ಎಷ್ಟು?" ಎಂದೇ ಕೇಳುತ್ತಿದ್ದಿರಿ. ಸಾಂದ್ರತೆ ಹತ್ತು ಪಟ್ಟು ಬದಲಾದಾಗ 59 ಮಿಲಿವೋಲ್ಟ್ ಆಸುಪಾಸಿನ ವ್ಯತ್ಯಾಸ ತೋರಿಸದ ಎಲೆಕ್ಟ್ರೋಡ್‌ನಿಂದ ಬಂದ ಅಂಕಿಯನ್ನು, ಅದು ಎಷ್ಟೇ ಅನುಕೂಲಕರವಾಗಿದ್ದರೂ, ನೀವು ನೋಟ್‌ಬುಕ್‌ನಲ್ಲಿ ಬರೆಯಲೂ ಬಿಡಲಿಲ್ಲ. ಎರಡನೆಯದು ಅಯಾನುಗಳ ಲೆಕ್ಕ. ಧನ ಅಯಾನುಗಳ ಮೊತ್ತಕ್ಕೂ ಋಣ ಅಯಾನುಗಳ ಮೊತ್ತಕ್ಕೂ ಶೇಕಡಾ 5ಕ್ಕಿಂತ ಹೆಚ್ಚು ವ್ಯತ್ಯಾಸ ಬಂದ ಪ್ರತಿ ಮಾದರಿಯನ್ನೂ ಮತ್ತೆ ಪರೀಕ್ಷಿಸಬೇಕೆಂಬ ನಿಯಮ ಆಗ ನನಗೆ ಅತಿ ಕಟ್ಟುನಿಟ್ಟು ಎನಿಸಿತ್ತು, ಅದನ್ನು ಸಹಪಾಠಿಗಳ ಮುಂದೆ ಹೇಳಿಕೊಂಡಿದ್ದೂ ಉಂಟು. ನಂತರ ಒಂದು ಪತ್ರಿಕೆಯ ವಿಮರ್ಶಕರು ನಮ್ಮ ಲೇಖನದ ಬಗ್ಗೆ ಎತ್ತಿದ ಮೊದಲ ಪ್ರಶ್ನೆಯೇ ಅದಾಗಿತ್ತು. ಉತ್ತರ ಆಗಲೇ ಕೋಷ್ಟಕದಲ್ಲಿ ಸಿದ್ಧವಿತ್ತು.

ಬರವಣಿಗೆಯ ವಿಷಯದಲ್ಲಿ ನಿಮ್ಮ ರೀತಿ ಬೇರೆ. ನೀವು ನನ್ನ ವಾಕ್ಯಗಳನ್ನು ತಿದ್ದಿ ಬರೆದುಕೊಟ್ಟದ್ದು ಅಪರೂಪ. ಬದಲಿಗೆ ಅಂಚಿನಲ್ಲಿ ಪ್ರಶ್ನೆ ಬರೆಯುತ್ತಿದ್ದಿರಿ. ಬೈಕಾರ್ಬನೇಟ್ ಹೆಚ್ಚಿರುವ, ಕ್ಯಾಲ್ಸಿಯಂ ಕಡಿಮೆಯಿರುವ ಕ್ಷಾರೀಯ ನೀರಿನಲ್ಲಿ ಫ್ಲೋರೈಡ್ ಹೆಚ್ಚಾಗಿ ಕಂಡುಬಂದಿತೆಂದು ನಾನು ಬರೆದಲ್ಲಿ, "ಒಟ್ಟಿಗೆ ಇವೆ ಎಂದು ತೋರಿಸಿದ್ದೀರಿ, ಒಂದರಿಂದ ಇನ್ನೊಂದು ಬಂತು ಎಂದು ಎಲ್ಲಿ ತೋರಿಸಿದ್ದೀರಿ?" ಎಂದು ಬರೆದಿದ್ದ ಪುಟವನ್ನು ನಾನು ಎತ್ತಿಟ್ಟುಕೊಂಡಿದ್ದೇನೆ. ಫ್ಲೋರೈಟ್ ಖನಿಜದ ಕರಗುವಿಕೆಯ ಲೆಕ್ಕ, ಶಿಲೆಯ ತೆಳುಪದರಗಳಲ್ಲಿ ಬಯೋಟೈಟ್ ಮತ್ತು ಅಪಟೈಟ್ ಹುಡುಕಿದ ಕೆಲಸ, ಇವೆಲ್ಲ ಹುಟ್ಟಿದ್ದು ಆ ಒಂದು ಸಾಲಿನಿಂದ. ವಿದ್ಯಾರ್ಥಿಯನ್ನು ಬಹುವಚನದಲ್ಲಿ ಸಂಬೋಧಿಸಿ ಆಕ್ಷೇಪಿಸುವ ಮಾರ್ಗದರ್ಶಕರು ಎಷ್ಟು ಮಂದಿ ಇದ್ದಾರೋ ನನಗೆ ತಿಳಿಯದು. ನಿಮ್ಮ ಆಕ್ಷೇಪಗಳು ಎಷ್ಟು ಖಾರವಾಗಿದ್ದರೂ ಆ ಗೌರವ ಮಾತ್ರ ಒಮ್ಮೆಯೂ ತಪ್ಪಲಿಲ್ಲ.

ಇನ್ನೊಂದು ವಿಷಯವನ್ನು ನೀವು ಉಪಕಾರವೆಂದು ಎಣಿಸಿರಲಾರಿರಿ, ಆದರೂ ಹೇಳಬೇಕು. ಕುಡಿಯುವ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1.5 ಮಿಲಿಗ್ರಾಂ ಮೀರಬಾರದೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗಸೂಚಿ. ಆ ಮಿತಿ ಮೀರಿದ ಬಾವಿಗಳ ಅಂಕಿಗಳು ಪ್ರಬಂಧ ಮುಗಿಯುವವರೆಗೆ ನಮ್ಮ ಕಡತದಲ್ಲಿ ಕೂರಬಾರದು, ಆ ನೀರು ಕುಡಿಯುವವರಿಗೆ ಮೊದಲು ತಿಳಿಯಬೇಕು ಎಂದು ನೀವು ಪಟ್ಟು ಹಿಡಿದು, ಪ್ರತಿ ಬಾವಿಯ ಫಲಿತಾಂಶವನ್ನು ಒಂದೊಂದು ಹಾಳೆಯಲ್ಲಿ ಸರಳ ಭಾಷೆಯಲ್ಲಿ ಬರೆಸಿ ಅಲ್ಲಲ್ಲಿನ ಜನರಿಗೆ ತಲುಪಿಸಿದಿರಿ. ಸಂಶೋಧನೆಯ ವೇಳಾಪಟ್ಟಿಯಲ್ಲಿ ಅದಕ್ಕೆ ಸ್ಥಳವಿರಲಿಲ್ಲ. ನಾನು ಮುಂದೆ ಎಲ್ಲೇ ಕೆಲಸ ಮಾಡಿದರೂ ಆ ಕ್ರಮವನ್ನು ಬಿಡುವುದಿಲ್ಲ.

ಶಿಷ್ಯವೇತನ ತಡವಾದ ತಿಂಗಳುಗಳಲ್ಲಿ ಕಚೇರಿಗೆ ನೀವೇ ಹೋಗಿ ವಿಚಾರಿಸಿದ್ದು, ಅಮ್ಮನ ಶಸ್ತ್ರಚಿಕಿತ್ಸೆಯ ವೇಳೆ ಕರಡಿನ ಗಡುವನ್ನು ನಾನು ಕೇಳುವ ಮೊದಲೇ ಮುಂದೂಡಿದ್ದು, ಲೇಖನಗಳಲ್ಲಿ ನನ್ನ ಹೆಸರೇ ಮೊದಲಿರಬೇಕೆಂದು ಹೇಳಿದ್ದು, ಇವುಗಳ ಬಗ್ಗೆ ಹೆಚ್ಚು ಬರೆದರೆ ನಿಮಗೆ ಮುಜುಗರವಾದೀತು. ನನ್ನ ತಂದೆತಾಯಿ ನಿಮಗೆ ತಮ್ಮ ನಮಸ್ಕಾರ ತಿಳಿಸಲು ಹೇಳಿದ್ದಾರೆ.

ಮಾದರಿಗಳ ನೋಂದಣಿ ಪುಸ್ತಕ, ಕಚ್ಚಾ ಅಂಕಿಗಳ ಕಡತಗಳು ಮತ್ತು ಉಳಿದ ಪಾಲಿಥೀನ್ ಬಾಟಲಿಗಳನ್ನು ಈ ವರ್ಷ ನಿಮ್ಮಲ್ಲಿ ಸೇರಿರುವ ಹೊಸ ವಿದ್ಯಾರ್ಥಿಗೆ ಒಪ್ಪಿಸಿದ್ದೇನೆ. ಎಲೆಕ್ಟ್ರೋಡ್ ಬಳಸುವ ಕ್ರಮವನ್ನೂ ತೋರಿಸಿಕೊಟ್ಟಿದ್ದೇನೆ. ಐದನೆಯ ಅಧ್ಯಾಯವನ್ನು ಲೇಖನವಾಗಿ ಕತ್ತರಿಸಿದ ಕರಡು ಮುಂದಿನ ವಾರ ನಿಮ್ಮ ಮೇಜಿನ ಮೇಲಿರುತ್ತದೆ. ಪರೀಕ್ಷಕರ ವರದಿಗಳು ಬಂದ ಮೇಲೆ ಮೌಖಿಕ ಪರೀಕ್ಷೆಗೆ ಮುನ್ನ ಒಂದು ಮಧ್ಯಾಹ್ನ ಬಿಡುವು ಮಾಡಿಕೊಟ್ಟು, ಪರೀಕ್ಷಕರಿಗಿಂತ ಕಠಿಣವಾದ ಪ್ರಶ್ನೆಗಳನ್ನು ನೀವೇ ಕೇಳಬೇಕೆಂದು ಕೋರುತ್ತೇನೆ.

ಕೃತಜ್ಞತೆಗಳೊಂದಿಗೆ,

ನಿಮ್ಮ ವಿದ್ಯಾರ್ಥಿನಿ
ಶ್ರುತಿ