ಪ್ರಶ್ನೆ 7: ಹಿಂಚಲನೆ ರೇಖೆ (6 ಅಂಕಗಳು)

ಒಂದು ತರಗತಿಯ ವಿದ್ಯಾರ್ಥಿಗಳು ವಾರಕ್ಕೆ ಓದಿದ ಗಂಟೆಗಳು (x) ಮತ್ತು ಪರೀಕ್ಷೆಯಲ್ಲಿ 100ಕ್ಕೆ ಪಡೆದ ಅಂಕಗಳ (y) ಸಾರಾಂಶ ಹೀಗಿದೆ. ಮೂಲ ದತ್ತಾಂಶ ಲಭ್ಯವಿಲ್ಲ.

x: ಸರಾಸರಿ 12, ಮಾನಕ ವಿಚಲನೆ 4
y: ಸರಾಸರಿ 62, ಮಾನಕ ವಿಚಲನೆ 10
ಸಹಸಂಬಂಧ ಗುಣಾಂಕ r = 0.6

(ಅ) y = a + bx ರೇಖೆಯ ಇಳಿಜಾರು b ಮತ್ತು ಅಂತಃಛೇದ a ಕಂಡುಹಿಡಿಯಿರಿ.
(ಆ) ವಾರಕ್ಕೆ 16 ಗಂಟೆ ಓದುವವರ ಅಂಕವನ್ನು ಅಂದಾಜಿಸಿ.
(ಇ) ಯಾರೂ 22 ಗಂಟೆಗಿಂತ ಹೆಚ್ಚು ಓದಿಲ್ಲ. 40 ಗಂಟೆಗೆ ಇದೇ ರೇಖೆಯನ್ನು ಬಳಸಬಹುದೇ?

ಉತ್ತರ

(ಅ) b = 0.6 × 10/4 = 1.5. ಭಾಗಾಕಾರವನ್ನು ತಲೆಕೆಳಗು ಮಾಡಬೇಡಿ. 4/10 ಎಂದರೆ ಅದು y ಯಿಂದ x ಅನ್ನು ಅಂದಾಜಿಸುವ ಬೇರೆಯದೇ ರೇಖೆ. ರೇಖೆಯು (12, 62) ಬಿಂದುವಿನ ಮೂಲಕ ಹಾದುಹೋಗಲೇಬೇಕು. ಆದ್ದರಿಂದ a = 62 − 1.5 × 12 = 44.

(ಆ) 44 + 1.5 × 16 = 68.

(ಇ) ಬಳಸಲಾಗದು. ದತ್ತಾಂಶ 22 ಗಂಟೆಗೆ ನಿಲ್ಲುತ್ತದೆ, ಅದರಾಚೆಗೂ ಇದೇ ರೇಖೆ ಹೊಂದುತ್ತದೆ ಎನ್ನಲು ಆಧಾರವಿಲ್ಲ. 40 ಗಂಟೆಗೆ 44 + 1.5 × 40 = 44 + 60 = 104, ಗರಿಷ್ಠ ಅಂಕವನ್ನೇ ಮೀರುತ್ತದೆ.